ಕವನಗಳನ್ನು ಒಂದೇ ರೂಪಕ್ಕೆ ತರುವಾಗ ಅಳಿಸುವ ಮೊದಲು ಗುರುತು ಹಾಕಿ

ಪ್ರಶ್ನೆ: ಬೇರೆ ಬೇರೆ ಫೈಲ್‌ಗಳಿಂದ ಸುಮಾರು ಐವತ್ತು ಕವನಗಳನ್ನು ಒಂದೇ ವರ್ಡ್ ಫೈಲ್‌ಗೆ ಪೇಸ್ಟ್ ಮಾಡಿದ್ದೇನೆ. ಒಂದರ ಶೀರ್ಷಿಕೆ ಒಂದು ಥರ, ಚರಣಗಳ ನಡುವಿನ ಜಾಗ ಇನ್ನೊಂದು ಥರ, ಸಾಲುಗಳು ಎಲ್ಲೆಲ್ಲೋ ಒಳಗೆ ಸರಿದಿವೆ. ಎಲ್ಲವನ್ನೂ ಒಂದೇ ರೀತಿ ಮಾಡುವುದು ಹೇಗೆ?

ನಾನು ಉಡುಪಿಯಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಇಂಥ ಫೈಲ್ ವರ್ಷಕ್ಕೆ ಎರಡು ಮೂರಾದರೂ ಬರುತ್ತದೆ. ಮೊದಲೇ ಒಂದು ಮಾತು ಮಾರಾಯ್ರೆ, ಎಲ್ಲ ಸೆಲೆಕ್ಟ್ ಮಾಡಿ ಫಾರ್ಮ್ಯಾಟ್ ತೆಗೆದುಬಿಡಬೇಡಿ. ನಾನು ಒಮ್ಮೆ ಹಾಗೆ ಮಾಡಿದ್ದೆ. ಕಾಪು ಕಡೆಯ ನಿವೃತ್ತ ಮಾಸ್ತರರೊಬ್ಬರ ಸಂಕಲನ ಅದು. ಕೆಲವು ಕವನ ಹಳೆಯ ನುಡಿ ಫೈಲ್‌ನಲ್ಲಿ, ಕೆಲವು ಮಗಳು ವಾಟ್ಸಾಪ್‌ನಲ್ಲಿ ಕಳಿಸಿದ್ದು, ಉಳಿದದ್ದು ಪಿಡಿಎಫ್. ಸಾಲಿನ ಮುಂದಿನ ಸ್ಪೇಸ್ ಎಲ್ಲ ಕಸ ಅಂದುಕೊಂಡು ತೆಗೆದೆ. ಪ್ರೂಫ್ ನೋಡಿದ ಮಾಸ್ತರರು ಒಂದು ಕವನದ ಮೇಲೆ ಬೆರಳಿಟ್ಟು "ಇದರಲ್ಲಿ ಅಮ್ಮ ಯಾರು, ಮಗ ಯಾರು?" ಅಂತ ಕೇಳಿದರು. ಮಗನ ಮಾತೆಲ್ಲ ಒಳಗೆ ಸರಿದು ಇದ್ದದ್ದು, ನಾನು ಎರಡು ದನಿಯನ್ನೂ ಒಂದೇ ಮಾಡಿಬಿಟ್ಟಿದ್ದೆ. ಇಡೀ ಕೆಲಸ ಮತ್ತೆ ಮೊದಲಿಂದ.

ಹಾಗಾಗಿ ಈಗ ನಾನು ಮೂಲ ಫೈಲ್‌ಗಳನ್ನು ಒಂದೊಂದಾಗಿ ತೆರೆದು, ಕವಿ ಬೇಕೆಂದೇ ಇಟ್ಟದ್ದಕ್ಕೆ ಮೊದಲು ಗುರುತು ಹಾಕುತ್ತೇನೆ. ಶೀರ್ಷಿಕೆಗೆ `##`, ಒಳಗೆ ಸರಿದ ಸಾಲಿಗೆ `>>`, ಚರಣ ಮುಗಿದಲ್ಲಿ ಪ್ರತ್ಯೇಕ ಸಾಲಿನಲ್ಲಿ `%%`. ಕವನದ ಕೊನೆಯ ಚರಣಕ್ಕೂ `%%` ಬೇಕು. ಹೀಗೆ:

```
##ಬಾವಿಕಟ್ಟೆ
ಮಗಾ, ಕತ್ತಲಾಯಿತು ಒಳಗೆ ಬಾ
>>ಇನ್ನೊಂದು ಕೊಡ ಅಮ್ಮಾ
ನೀರು ನಾಳೆಯೂ ಇರುತ್ತದೆ
>>ಚಂದ್ರ ಇರಬೇಕಲ್ಲ
%%
```

ಗುರುತು ಹಾಕುವಾಗ Ctrl+Shift+8 ಒತ್ತಿ, ಕಾಣದ ಚಿಹ್ನೆಗಳನ್ನೆಲ್ಲ ಕಾಣುವಂತೆ ಮಾಡಿಕೊಳ್ಳಿ. ¶ ಇದ್ದರೆ ಎಂಟರ್, ಬಾಗಿದ ಬಾಣ ಇದ್ದರೆ ಶಿಫ್ಟ್-ಎಂಟರ್, ಚುಕ್ಕಿ ಇದ್ದರೆ ಸ್ಪೇಸ್, ನೇರ ಬಾಣ ಇದ್ದರೆ ಟ್ಯಾಬ್. ಆಗ ನಿಮಗೆ ಗೊತ್ತಾಗುತ್ತದೆ, ನೋಡಲು ಒಂದೇ ಥರ ಇರುವ ಚರಣದ ಜಾಗ ಮೂರು ಫೈಲ್‌ನಲ್ಲಿ ಮೂರು ಬಗೆಯಲ್ಲಿ ಹುಟ್ಟಿರುತ್ತದೆ. ಒಂದರಲ್ಲಿ ಖಾಲಿ ಸಾಲು ಉಂಟು. ಇನ್ನೊಂದರಲ್ಲಿ ಪ್ರತಿ ಸಾಲಿನ ಮಧ್ಯೆಯೂ ಒಂದು ಖಾಲಿ ಸಾಲು, ಚರಣದ ಮಧ್ಯೆ ಎರಡು. ಮೂರನೆಯದರಲ್ಲಿ ಖಾಲಿ ಸಾಲೇ ಇಲ್ಲ, ಪ್ಯಾರಾಗೆ ಕೊಟ್ಟ ಸ್ಪೇಸಿಂಗ್ ಮಾತ್ರ. ಈ ಮೂರನೆಯದೇ ಜಾಸ್ತಿ ಅಪಾಯದ್ದು. Keep Text Only ಅಂತ ಪೇಸ್ಟ್ ಮಾಡಿದ ಕೂಡಲೇ ಚರಣವೆಲ್ಲ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಆಮೇಲೆ ಹುಡುಕಲು ಏನೂ ಉಳಿಯುವುದಿಲ್ಲ. ನಿಮ್ಮ ಫೈಲ್‌ನಲ್ಲಿ ಈಗಾಗಲೇ ಹಾಗೆ ಆಗಿದ್ದರೆ ಮೂಲ ನೋಡದೆ ಬೇರೆ ದಾರಿ ಇಲ್ಲ. ಪಿಡಿಎಫ್‌ನದ್ದೂ ಅಷ್ಟೇ. ಉದ್ದದ ಸಾಲು ಜಾಗ ಸಾಲದೆ ಕೆಳಗೆ ಬಂದಿದ್ದರೆ ಕಾಪಿ ಮಾಡುವಾಗ ಅದು ಎರಡು ಸಾಲಾಗಿಬಿಡುತ್ತದೆ.

ಹಳೆಯ ನುಡಿ ಫೈಲ್ ಇದ್ದರೆ ಮೊದಲು ಯುನಿಕೋಡ್‌ಗೆ ಬದಲಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಒಮ್ಮೆ ಕಣ್ಣಿಟ್ಟು ನೋಡಿ, ಆಮೇಲೆ ಗುರುತು ಹಾಕಿ.

ಈಗ ಎಲ್ಲವನ್ನೂ ಒಂದು ಹೊಸ ಫೈಲ್‌ಗೆ Keep Text Only ಆಗಿ ಪೇಸ್ಟ್ ಮಾಡಿ, ಕಸ ತೆಗೆಯಿರಿ. Find and Replace ಸಾಕು. ಎಡಗಡೆಯದ್ದು ಹುಡುಕಬೇಕಾದದ್ದು, ಬಲಗಡೆಯದ್ದು ಅದರ ಜಾಗಕ್ಕೆ ಬರುವುದು:

```
^l     ->  ^p
^w^p   ->  ^p
^p^w   ->  ^p
^p^p   ->  ^p
^p%%   ->  $$
```

ನಾಲ್ಕನೆಯದನ್ನು "0 replacements" ಅಂತ ಬರುವವರೆಗೆ, ಇಲ್ಲವೇ ಲೆಕ್ಕ 1ರಲ್ಲೇ ನಿಲ್ಲುವವರೆಗೆ ಮತ್ತೆ ಮತ್ತೆ ಒತ್ತಿ. ಖಾಲಿ ಸಾಲು ಎಲ್ಲ ಹೋಗುತ್ತದೆ, ಹೆದರಬೇಡಿ, ಚರಣದ ಗುರುತು ಉಂಟಲ್ಲ. ಕೊನೆಯದು `%%` ಅನ್ನು ಹಿಂದಿನ ಸಾಲಿನ ತುದಿಗೆ `$$` ಆಗಿ ಅಂಟಿಸುತ್ತದೆ. ನಮ್ಮ ಉದಾಹರಣೆಯಲ್ಲಿ ಕೊನೆಯ ಸಾಲು ಈಗ `>>ಚಂದ್ರ ಇರಬೇಕಲ್ಲ$$`. ಕಾಣದ ಅಕ್ಷರಗಳನ್ನೆಲ್ಲ ಒಟ್ಟಿಗೆ ತೆಗೆಯುವ ಟೂಲ್‌ಗಳನ್ನು ಮಾತ್ರ ಬಳಸಬೇಡಿ. "ರ‍್ಯಾಲಿ", "ಬ್ಯಾಂಕ್‌ನಲ್ಲಿ" ಇಂಥ ಪದ ಸರಿಯಾಗಿ ಕಾಣುವುದೇ ಒಳಗೆ ಅಡಗಿರುವ ಜೋಡಕ ಅಕ್ಷರಗಳಿಂದ. ಅವು ಹೋದರೆ "ರ್ಯಾಲಿ" ಆಗುತ್ತದೆ.

ಇನ್ನು ಸ್ಟೈಲ್. ಐದು ಬೇಕು: ಶೀರ್ಷಿಕೆ, ಸಾಲು, ಸಾಲು-ಕೊನೆ, ಒಳಸಾಲು, ಒಳಸಾಲು-ಕೊನೆ. ಶೀರ್ಷಿಕೆಗೆ Heading 1 ಅನ್ನೇ ತಿದ್ದಿಕೊಳ್ಳಿ, Page break before ಹಾಕಿ, ಕೊನೆಗೆ Table of Contents ಸೇರಿಸಿದರೆ ಪರಿವಿಡಿ ತಾನಾಗಿ ಬರುತ್ತದೆ. "ಕೊನೆ" ಅಂತ ಇರುವ ಎರಡಕ್ಕೆ ಕೆಳಗೆ 12 ಪಾಯಿಂಟ್ ಜಾಗ. ಉಳಿದೆರಡು ಸಾಲಿನ ಸ್ಟೈಲ್‌ಗೆ ಜಾಗ ಸೊನ್ನೆ, ಆದರೆ Keep with next ಟಿಕ್ ಮಾಡಿ. ಆಗ ಚರಣ ಪುಟದ ತುದಿಯಲ್ಲಿ ತುಂಡಾಗುವುದಿಲ್ಲ. ಪುಟ ಮುಗಿದಲ್ಲಿ ಚರಣವೂ ಮುಗಿಯಿತಾ, ಇಲ್ಲವಾ ಅಂತ ಓದುಗರು ಯೋಚಿಸುವುದೂ ಬೇಡ. ಒಂದು ಪುಟಕ್ಕಿಂತ ಉದ್ದದ ಚರಣಕ್ಕೆ ಮಾತ್ರ ಇದು ನಡೆಯುವುದಿಲ್ಲ, ಅಲ್ಲಿ ಎಲ್ಲಿ ತುಂಡು ಮಾಡುವುದು ಅಂತ ಕವಿಯನ್ನೇ ಕೇಳಿ.

ಇಂಡೆಂಟ್ ಲೆಕ್ಕ ಸ್ವಲ್ಪ ಗಮನ ಕೊಟ್ಟು ಓದಿ. ಕವಿ ಸರಿಸಿದ ಸಾಲು ಮತ್ತು ಜಾಗ ಸಾಲದೆ ಕೆಳಗೆ ಬಂದ ಸಾಲು, ಎರಡೂ ಒಂದೇ ದೂರಕ್ಕೆ ಬರಬಾರದು. ಬಂದರೆ ಮಗನ ಮಾತಾ, ಅಮ್ಮನ ಮಾತಿನ ಬಾಲವಾ ಗೊತ್ತಾಗುವುದಿಲ್ಲ. ನಾನು ಸಾಲಿಗೆ Left 0, Hanging 1.5 ಸೆಂ.ಮೀ. ಇಡುತ್ತೇನೆ. ಒಳಸಾಲಿಗೆ Left 0.75, Hanging 1.5. ಅಂದರೆ ಸಾಲು ಅಂಚಿನಿಂದಲೇ ಶುರು, ಒಳಸಾಲು 0.75ರಿಂದ ಶುರು. ಉಳಿದ ಬಾಲ 1.5ಕ್ಕೋ 2.25ಕ್ಕೋ ಬೀಳುತ್ತದೆ. ಪ್ರತಿ ಸಾಲೂ ಬೇರೆ ಪ್ಯಾರಾ ಆಗಿದ್ದರೆ ಮಾತ್ರ ಇದು ಸಾಧ್ಯ. ಶಿಫ್ಟ್-ಎಂಟರ್ ಅನ್ನು ಆಗಲೇ ತೆಗೆಸಿದ್ದು ಅದಕ್ಕೆ.

ಎಲ್ಲ ಸೆಲೆಕ್ಟ್ ಮಾಡಿ "ಸಾಲು" ಕೊಡಿ. ಆಮೇಲೆ Find ಜಾಗದಲ್ಲಿ `>>`, Replace ಖಾಲಿ ಬಿಟ್ಟು Format > Style ನಲ್ಲಿ "ಒಳಸಾಲು" ಆರಿಸಿ Replace All. ಖಾಲಿ ಬಿಟ್ಟರೆ ವರ್ಡ್ ಅಕ್ಷರ ಅಳಿಸುವುದಿಲ್ಲ, ಸ್ಟೈಲ್ ಮಾತ್ರ ಹಾಕುತ್ತದೆ. `##` ಗೂ ಹೀಗೆಯೇ. `$$` ಗೆ ಎರಡು ಸಲ: ಹುಡುಕುವ ಕಡೆಗೂ ಸ್ಟೈಲ್ ಕೊಟ್ಟು, "ಒಳಸಾಲು" ಇದ್ದಲ್ಲಿ "ಒಳಸಾಲು-ಕೊನೆ", "ಸಾಲು" ಇದ್ದಲ್ಲಿ "ಸಾಲು-ಕೊನೆ". ಎಲ್ಲ ಮುಗಿದ ಮೇಲೆ Find, Replace ಎರಡೂ ಕಡೆ No Formatting ಒತ್ತಿ ಗುರುತುಗಳನ್ನು ಅಳಿಸಿ. `$$` ಅಳಿಸುವಾಗ ಎಷ್ಟು ಅಂತ ವರ್ಡ್ ಹೇಳುತ್ತದೆ. ಅದು ನಿಮ್ಮ ಒಟ್ಟು ಚರಣಗಳ ಲೆಕ್ಕ, ಮೂಲದಲ್ಲಿ ಎಣಿಸಿದ್ದಕ್ಕೆ ತಾಳೆ ನೋಡಿ. ಒಂದು ಕಡಿಮೆ ಬಂದರೂ ಎಲ್ಲೋ ಎರಡು ಚರಣ ಅಂಟಿವೆ ಅಂತಲೇ.

Justify ಬೇಡ, ಎಡಕ್ಕೆ ಇರಲಿ. ಒಂದು ವೇಳೆ Justify ಇದ್ದಲ್ಲಿ ಮೂರೇ ಪದದ ಸಾಲು ಪುಟದ ಅಗಲಕ್ಕೆ ಎಳೆದುಕೊಂಡು ನಿಂತಿದ್ದರೆ, ಅಲ್ಲಿ ಒಂದು ಶಿಫ್ಟ್-ಎಂಟರ್ ಉಳಿದುಕೊಂಡಿದೆ, ಹೋಗಿ ತೆಗೆಯಿರಿ. ವಾಟ್ಸಾಪ್‌ನಿಂದ ಬಂದ ಶೀರ್ಷಿಕೆಯ ಎರಡೂ ಬದಿಗೆ ನಕ್ಷತ್ರ ಚಿಹ್ನೆ ಅಂಟಿರಬಹುದು, ಅದನ್ನೂ ನೋಡಿಕೊಳ್ಳಿ. ಶೀರ್ಷಿಕೆಯೇ ಇಲ್ಲದ ಕವನಕ್ಕೆ ನೀವಾಗಿ ಹೆಸರಿಡಬೇಡಿ, ಬರೆದವರಿಗೆ ಒಂದು ಫೋನ್ ಮಾಡಿ.