ಹನ್ನೊಂದರ ವೇಗದ ಬೌಲರ್ ಮತ್ತು ವರ್ಷಪೂರ್ತಿ ಕ್ರಿಕೆಟ್

ಪ್ರಶ್ನೆ: ತುಮಕೂರಿನಲ್ಲಿದ್ದೇವೆ. ಮಗನಿಗೆ 11 ವರ್ಷ, ಫಾಸ್ಟ್ ಬೌಲಿಂಗ್ ಚೆನ್ನಾಗಿ ಮಾಡ್ತಾನೆ. ಖೊಖೊ, ಈಜು ಎಲ್ಲ ಬಿಡಿಸಿ ವರ್ಷಪೂರ್ತಿ ಕ್ರಿಕೆಟ್ ಒಂದನ್ನೇ ಆಡಿಸಿ ಅಂತ ಕೋಚ್ ಹೇಳ್ತಿದ್ದಾರೆ. ಬಿಡಿಸಬೇಕಾ?

ಬಿಡಿಸಬೇಡಿ. ನಾನು ಇದೇ ಊರಿನಲ್ಲಿ ಫಿಸಿಯೊಥೆರಪಿಸ್ಟ್ ಆಗಿ ಕೆಲಸ ಮಾಡುತ್ತೇನೆ. ನನ್ನ ಬಳಿಗೆ ಬರುವ ಮಕ್ಕಳಲ್ಲಿ ನನಗೆ ಹೆಚ್ಚು ಆತಂಕ ಹುಟ್ಟಿಸುವವರು ಸೊಂಟ ಹಿಡಿದುಕೊಂಡು ಬರುವ ಎಳೆಯ ವೇಗದ ಬೌಲರ್‌ಗಳು.

ಬಲಗೈ ಬೌಲರ್ ಚೆಂಡು ಬಿಡುವ ಗಳಿಗೆಯಲ್ಲಿ ಮುಂದಿನ ಕಾಲು ನೆಲಕ್ಕೆ ಅಪ್ಪಳಿಸುತ್ತದೆ, ಬೆನ್ನು ಹಿಂದಕ್ಕೆ ಬಾಗಿ, ಎಡಕ್ಕೆ ವಾಲಿ, ತಿರುಚಿಕೊಳ್ಳುತ್ತದೆ, ಮತ್ತು ಆ ಭಾರವೆಲ್ಲ ಸೊಂಟದ ಕೊನೆಯ ಕಶೇರುಕದ ಎಡಬದಿಯಲ್ಲಿರುವ ಒಂದು ಸಣ್ಣ ಮೂಳೆ ಸೇತುವೆಯ ಮೇಲೆ ಬೀಳುತ್ತದೆ. ಹದಿಹರೆಯದಲ್ಲಿ ಆ ಭಾಗ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಹುಡುಗರು ಸಾಮಾನ್ಯವಾಗಿ 13–14ರ ಸುಮಾರಿಗೆ ಸರ್ರನೆ ಎತ್ತರವಾಗುವಾಗ ಮೂಳೆ ಮೊದಲು ಉದ್ದವಾಗುತ್ತದೆ, ಅದರೊಳಗಿನ ಗಟ್ಟಿತನ ಸ್ವಲ್ಪ ತಡವಾಗಿ ಬರುತ್ತದೆ. ಹೀಗಾಗಿ ಅತ್ಯಂತ ದುರ್ಬಲವಾದ ಅವಧಿಯಲ್ಲೇ ಅತ್ಯಂತ ಹೆಚ್ಚು ಬೌಲಿಂಗ್ ಮಾಡಿಸುವ ಪರಿಸ್ಥಿತಿ ಬರುತ್ತದೆ.

ಗುಬ್ಬಿ ಕಡೆಯ 14ರ ಹುಡುಗನೊಬ್ಬನ ವಿಷಯ ಹೇಳುತ್ತೇನೆ. ವಾರದಲ್ಲಿ ಐದು ದಿನ ನೆಟ್ಸ್‌ನಲ್ಲಿ ಒಂದೇ ಸಮನೆ ಎಂಟು ಓವರ್, ಭಾನುವಾರ ಎರಡು ಪಂದ್ಯಗಳಲ್ಲಿ ಐದೈದು ಓವರ್; ಅಂದರೆ ವಾರಕ್ಕೆ 50 ಓವರ್, 300 ಚೆಂಡು. ಇಂಗ್ಲೆಂಡ್ ಕ್ರಿಕೆಟ್ ಮಂಡಳಿಯ ಮಾರ್ಗಸೂಚಿಯಲ್ಲಿ ಆ ವಯಸ್ಸಿಗೆ ಒಂದು ಸ್ಪೆಲ್‌ಗೆ, ಅಂದರೆ ಒಂದೇ ಸಮನೆ ಮಾಡುವ ಬೌಲಿಂಗ್‌ಗೆ, ಆರು, ದಿನಕ್ಕೆ ಹನ್ನೆರಡು ಓವರ್ ಮಿತಿ ಇದೆ. ವಾರದಲ್ಲಿ ನಾಲ್ಕು ದಿನಕ್ಕಿಂತ ಹೆಚ್ಚು, ಸತತವಾಗಿ ಎರಡು ದಿನಕ್ಕಿಂತ ಹೆಚ್ಚು ಬೌಲಿಂಗ್ ಮಾಡಬಾರದೆಂದೂ ಹೇಳಲಾಗಿದೆ. ಗಮನಿಸಿ, ದಿನದ ಲೆಕ್ಕದಲ್ಲಿ ಹುಡುಗ ಮಿತಿಯೊಳಗೇ ಇದ್ದ. ಮಿತಿ ಮೀರಿದ್ದು ಸ್ಪೆಲ್ ಮತ್ತು ದಿನಗಳ ಲೆಕ್ಕದಲ್ಲಿ, ಅದನ್ನು ಯಾರೂ ಬರೆದಿಟ್ಟಿರಲಿಲ್ಲ. ನೆಟ್ಸ್‌ನ ಓವರ್‌ಗಳನ್ನು ನಮ್ಮ ಕಡೆ ಬಹುತೇಕ ಯಾರೂ ಓವರ್ ಎಂದೇ ಎಣಿಸುವುದಿಲ್ಲ.

ಮೊದಲು ಬೌಲಿಂಗ್ ಮುಗಿದ ಮೇಲೆ ಮಾತ್ರ ಎಡ ಸೊಂಟದಲ್ಲಿ ನೋವಿತ್ತು, ಮುಲಾಮು ಹಚ್ಚಿ ಕಳುಹಿಸಿದರು. ಆಮೇಲೆ ಬೌಲಿಂಗ್ ನಡುವೆಯೇ ನೋವು ಶುರುವಾಯಿತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಆ ಮೂಳೆ ಸೇತುವೆಯಲ್ಲಿ ಮೂಡುವ ಬಿರುಕು ಆರಂಭದ ಹಂತದಲ್ಲಿ ಎಕ್ಸ್‌ರೇಗೆ ಸಿಗದಿರುವುದೇ ಹೆಚ್ಚು. ಎಡಗಾಲಿನ ಮೇಲೆ ನಿಂತು ಹಿಂದಕ್ಕೆ ಬಾಗಲು ಹೇಳಿದಾಗ ಅವನು ಒಂದು ಬಿಂದುವನ್ನು ಬೆರಳಿಟ್ಟು ತೋರಿಸಿದ. ಆ ಪರೀಕ್ಷೆಯೊಂದನ್ನೇ ನಂಬುವಂತಿಲ್ಲವಾದ್ದರಿಂದ ಮೂಳೆ ವೈದ್ಯರ ಬಳಿಗೆ ಕಳುಹಿಸಿದೆ. ಎಂಆರ್‌ಐಯಲ್ಲಿ ಸೊಂಟದ ಅದೇ ಕೊನೆಯ ಕಶೇರುಕದ ಎಡಬದಿಯಲ್ಲಿ ಮೂಳೆಯ ಊತ ಕಂಡಿತು. ಬಿರುಕು ಪೂರ್ತಿ ಬಿಡುವ ಮೊದಲೇ ಸಿಕ್ಕಿದ್ದರಿಂದ, ಸುಮಾರು ನಾಲ್ಕು ತಿಂಗಳು ಬೌಲಿಂಗ್ ನಿಲ್ಲಿಸಿ ಮತ್ತೆ ಸ್ವಲ್ಪ ಸ್ವಲ್ಪವಾಗಿ ಆರಂಭಿಸಲು ಸಾಧ್ಯವಾಯಿತು.

ಆ ಬಿಡುವಿನಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಮೈದಾನಕ್ಕೆ ಹೋಗುವಂತಿಲ್ಲ ಎಂದಾಗ ಅವನ ಮುಖದಲ್ಲಿ ನಿರಾಳ ಕಂಡಿತೆಂದು ತಾಯಿ ಹೇಳಿದರು. ಅದಕ್ಕೂ ಮೊದಲೇ ಅಭ್ಯಾಸದ ದಿನ ಬೆಳಿಗ್ಗೆ ಹೊಟ್ಟೆನೋವು, ವಿಕೆಟ್ ಬಿದ್ದರೂ ಸಂತೋಷವಿಲ್ಲ, ರಾತ್ರಿ ಸರಿಯಾದ ನಿದ್ದೆಯಿಲ್ಲ. ಇದು ಸೋಮಾರಿತನವಲ್ಲ. ದಣಿದ ಮಗು ಎರಡು ವಾರ ಬಿಡುವು ಕೊಟ್ಟರೆ ತಾನೇ ಚೆಂಡು ಕೇಳುತ್ತದೆ. ಬೇಸತ್ತ ಮಗು ಕೇಳುವುದಿಲ್ಲ, ಅದು ನಾನು ಕಂಡಿರುವ ವ್ಯತ್ಯಾಸ.

ಬೇಗ ಒಂದೇ ಆಟ ಹಿಡಿದರೆ ಮುಂದೆ ಹೋಗಬಹುದೆಂಬ ವಾದದಲ್ಲಿ ಅರ್ಧ ಸತ್ಯವಿದೆ. ಹದಿಮೂರರ ಒಳಗಿನ ಜಿಲ್ಲಾ ತಂಡಕ್ಕೆ ಸೇರಲು ಅದು ನೆರವಾಗಬಹುದು. ಆದರೆ ಜರ್ಮನಿಯ ಕ್ರೀಡಾ ಸಂಶೋಧಕ ಅರ್ನೆ ಗುಲ್ಲಿಶ್ ಮತ್ತು ಸಂಗಡಿಗರು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ವಯಸ್ಕರಾಗಿ ವಿಶ್ವಮಟ್ಟ ಮುಟ್ಟಿದವರು ರಾಷ್ಟ್ರಮಟ್ಟದಲ್ಲಿ ನಿಂತವರಿಗಿಂತ ಬಾಲ್ಯದಲ್ಲಿ ಹೆಚ್ಚು ಆಟಗಳನ್ನು ಆಡಿದ್ದರು, ತಮ್ಮ ಮುಖ್ಯ ಆಟವನ್ನು ತಡವಾಗಿ ಶುರುಮಾಡಿದ್ದರು. ಬಾಲಕರ ಮಟ್ಟದಲ್ಲಿ ಮುಂದಿದ್ದವರ ಚಿತ್ರ ಇದಕ್ಕೆ ವಿರುದ್ಧವಾಗಿತ್ತು. ಜಿಮ್ನಾಸ್ಟಿಕ್ಸ್‌ನಂತೆ ಸಣ್ಣ ವಯಸ್ಸಿನಲ್ಲೇ ಉತ್ತುಂಗ ಮುಟ್ಟುವ ಆಟಗಳ ಮಾತು ಬೇರೆ. ವೇಗದ ಬೌಲಿಂಗ್ ಅಂಥದ್ದಲ್ಲ.

ನಿಮ್ಮ ಮಗನಿಗೆ ನಾನು ಹೇಳುವುದು ಇಷ್ಟು. 13ರವರೆಗೆ ಇಂಗ್ಲೆಂಡ್ ಮಂಡಳಿಯ ಆ ಮಾರ್ಗಸೂಚಿಯ ಮಿತಿ ಸ್ಪೆಲ್‌ಗೆ ಐದು, ದಿನಕ್ಕೆ ಹತ್ತು ಓವರ್. ವಾರಕ್ಕೆ ಮೂರು ದಿನ ಬೌಲಿಂಗ್ ಸಾಕು, ನೆಟ್ಸ್ ಸೇರಿಸಿ ಓವರ್‌ಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಕೊಟ್ಟ ಸಲಹೆಯಂತೆ, ಮುಖ್ಯ ಆಟದಿಂದ ವರ್ಷಕ್ಕೆ ಒಟ್ಟು ಮೂರು ತಿಂಗಳು, ಒಂದೊಂದು ತಿಂಗಳಂತೆ, ಬಿಡುವು ಕೊಡಿ. ಅದರಲ್ಲಿ ಒಂದನ್ನು ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟದ ಸಮಯಕ್ಕೆ ಹೊಂದಿಸಿದರೆ ಖೊಖೊ ತಾನಾಗಿಯೇ ಉಳಿಯುತ್ತದೆ. ಕಂಬದ ಸುತ್ತ ತಿರುಗುವಾಗ ಒಂಟಿಕಾಲಿನ ಬಲ ಬೆಳೆಯುತ್ತದೆ, ಬೌಲರ್‌ನ ಮುಂದಿನ ಕಾಲಿಗೆ ಬೇಕಾದದ್ದೂ ಅದೇ. ಬಿರು ಬೇಸಿಗೆಯ ಒಂದು ತಿಂಗಳನ್ನು ಈಜಿಗೆ ಇಡಿ. ಪ್ರತಿ ತಿಂಗಳು ಗೋಡೆಯ ಮೇಲೆ ಎತ್ತರ ಗುರುತು ಹಾಕಿ, ಬೆಳವಣಿಗೆ ದಿಢೀರನೆ ಏರಿದ ತಿಂಗಳುಗಳಲ್ಲಿ ಓವರ್ ಇನ್ನಷ್ಟು ಇಳಿಸಿ. ಸೊಂಟದ ಒಂದೇ ಬದಿಯಲ್ಲಿ ನೋವು ಎರಡು ವಾರ ದಾಟಿದರೆ, ಎಕ್ಸ್‌ರೇ ಸರಿಯಿದೆ ಎಂದರೂ, ಎಂಆರ್‌ಐ ಬೇಕೇ ಎಂದು ಮೂಳೆ ವೈದ್ಯರನ್ನು ಕೇಳುವವರೆಗೆ ಕೈಗೆ ಚೆಂಡು ಕೊಡಬೇಡಿ.