ಮೂಲೆಯಲ್ಲಿ ಕಪ್ಪಾಗಿ ಪುಟ್ಟದಾಗಿ ನಿಂತ ಅಪ್ಪ

ಪ್ರಶ್ನೆ: ನಾಲ್ಕೂವರೆ ವರ್ಷದ ಮಗ ಮನೆಯವರ ಚಿತ್ರ ಬರೆದಿದ್ದಾನೆ. ಎಲ್ಲರೂ ದೊಡ್ಡದಾಗಿದ್ದಾರೆ, ನಾನು ಮಾತ್ರ ಮೂಲೆಯಲ್ಲಿ ಚಿಕ್ಕದಾಗಿ, ಕಪ್ಪು ಬಣ್ಣದಲ್ಲಿದ್ದೇನೆ. ಅವನಿಗೆ ನನ್ನ ಮೇಲೆ ಭಯವಿರಬಹುದೇ? ಅವನ ಬಾಯಿ ಬಿಡಿಸುವುದು ಹೇಗೆ?

ಬಾಯಿ ಬಿಡಿಸಬೇಡಿ. ನಾನು ಬಿಡಿಸಿದೆ, ಅದಕ್ಕೇ ಹೇಳುತ್ತಿದ್ದೇನೆ.

ಆಗ ನನಗೆ ಬಳ್ಳಾರಿಗೆ ವರ್ಗವಾಗಿತ್ತು, ಸಂಸಾರ ಶಿವಮೊಗ್ಗದಲ್ಲಿತ್ತು. ಶನಿವಾರ ರಾತ್ರಿ ಬಂದು ಭಾನುವಾರ ರಾತ್ರಿ ಬಸ್ ಹತ್ತುವ ಅಪ್ಪ ನಾನು. ಒಮ್ಮೆ ಬಂದಾಗ ಫ್ರಿಜ್ ಮೇಲೆ ಮಗಳ ಚಿತ್ರ ಅಂಟಿಸಿತ್ತು. ಎಡಗಡೆ ಅಮ್ಮ, ಪಕ್ಕದಲ್ಲಿ ಅಜ್ಜಿ, ಬೆಕ್ಕು, ಆಮೇಲೆ ಅವಳು. ಕೆಳಗೆ ಬಲ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಉದ್ದದ ಕಪ್ಪು ನಾನು, ತಲೆಯಿಂದಲೇ ಹೊರಟ ಎರಡು ಕಡ್ಡಿ ಕೈಗಳೊಂದಿಗೆ. ಊರು ಬಿಟ್ಟ ಅಪರಾಧಿ ಭಾವ ಮೊದಲೇ ಇತ್ತು, ಚಿತ್ರ ಅದಕ್ಕೆ ಮೊಹರು ಒತ್ತಿದಂತಾಯಿತು.

ನಾನು ಮಾಡಿದ ತಪ್ಪು ಇದು. "ಅಪ್ಪನ ಮೇಲೆ ಕೋಪವೇ?" ಎಂದು ಕೇಳಿದೆ. ಇಲ್ಲ ಎಂದಳು. ಮಲಗಿಸುವಾಗ ಮತ್ತೆ ಕೇಳಿದೆ, ಇಲ್ಲವೆಂದಳು. ಮುಂದಿನ ವಾರ ಮೂರನೆಯ ಸಲ ಕೇಳಿದಾಗ ನನ್ನ ಮುಖವನ್ನೇ ನೋಡಿ ಹೌದೆಂದು ತಲೆಯಾಡಿಸಿದಳು. "ಅಪ್ಪ ಬೈಯುತ್ತಾರಾ?" ಎಂದರೆ ಹೂಂ. "ಅದಕ್ಕೇ ಚಿಕ್ಕದಾಗಿ ಬರೆದೆಯಾ?" ಎಂದರೆ ಅದಕ್ಕೂ ಹೂಂ. ಆ ವಯಸ್ಸಿನ ಮಗು ಒಂದೇ ಪ್ರಶ್ನೆಯನ್ನು ದೊಡ್ಡವರು ಮತ್ತೆ ಕೇಳಿದರೆ ಮೊದಲ ಉತ್ತರ ತಪ್ಪಾಗಿತ್ತು ಎಂದುಕೊಂಡು ಎಷ್ಟೋ ಸಲ ಬದಲಾಯಿಸಿಬಿಡುತ್ತದೆ. ಅಲ್ಲದೆ ನನ್ನ ಪ್ರಶ್ನೆಗಳಲ್ಲೇ ಉತ್ತರ ಕಟ್ಟಿಟ್ಟಿದ್ದೆ. ಕೋಪ, ಬೈಗುಳ, ಚಿಕ್ಕದು ಎಂಬ ಮೂರು ಪದಗಳೂ ನನ್ನವೇ. ಅವಳದು ಬರೀ ಹೂಂ. ಆ ಹೂಂ ನಂಬಿ ಹೆಂಡತಿಯೊಂದಿಗೆ ಜಗಳವಾಡಿದೆ, ನಾನಿಲ್ಲದಾಗ ನನ್ನ ಬಗ್ಗೆ ಏನು ಹೇಳಿಕೊಡುತ್ತೀರಿ ಎಂದು ಅತ್ತೆಯವರನ್ನೂ ಕೇಳಿಬಿಟ್ಟೆ. ಆಮೇಲೆ ಮಗಳು ಕ್ರೇಯಾನ್ ಹಿಡಿದಾಗಲೆಲ್ಲ ಮೊದಲು ಕೇಳತೊಡಗಿದಳು: "ಅಪ್ಪನನ್ನು ಎಷ್ಟು ದೊಡ್ಡದು ಬರೆಯಲಿ?"

ಸತ್ಯ ತಿಳಿದದ್ದು ದಸರಾ ರಜೆಯಲ್ಲಿ, ಏನೂ ಕೇಳದೆ ಅವಳ ಪಕ್ಕದಲ್ಲಿ ಸುಮ್ಮನೆ ಕೂತಾಗ. ಅವಳು ಹಾಳೆಯನ್ನು ಮೊದಲೇ ಅಳೆದು ಹಂಚುವುದಿಲ್ಲ. ಮೊದಲು ಬಂದವರಿಗೆ ಜಾಗ ಧಾರಾಳ, ಕೊನೆಯವರು ಉಳಿದ ಸಂದಿಯಲ್ಲಿ ತೂರಬೇಕು, ನಮ್ಮ ಬಸ್ಸುಗಳ ಹಾಗೆ. ಅವತ್ತು ಎದುರಿಗೆ ಕೂತಿದ್ದವನು ನಾನು, ಆದ್ದರಿಂದ ನನ್ನಿಂದಲೇ ಶುರು. ನನ್ನ ತಲೆಗೇ ಅರ್ಧ ಹಾಳೆ ಹೋಯಿತು, ಕನ್ನಡಕ, ಮೀಸೆ ತುಂಬಬೇಕಿತ್ತಲ್ಲ. ಅಮ್ಮ ಬಂದದ್ದು ಕೊನೆಗೆ, ನನ್ನ ಕಾಲಿನ ಹತ್ತಿರ, ಬೆಕ್ಕಿಗಿಂತ ಚಿಕ್ಕದಾಗಿ. ಅಷ್ಟರಲ್ಲೇ ಅಮ್ಮನ ಮೇಲಿನ ಪ್ರೀತಿ ಬತ್ತಿತೇ?

ಕಪ್ಪಿನ ಗುಟ್ಟು ಡಬ್ಬಿಯಲ್ಲಿತ್ತು. ಹನ್ನೆರಡು ಬಣ್ಣಗಳಲ್ಲಿ ಮುರಿಯದೆ ಉಳಿದದ್ದು ಕಪ್ಪು ಮತ್ತು ಕಂದು ಮಾತ್ರ. ಹಳದಿಯ ತುಂಡು ಇತ್ತು, ಆದರೆ ಬಿಳಿ ಹಾಳೆಯ ಮೇಲೆ ಅದು ಕಾಣುವುದಿಲ್ಲ. ಗೆರೆ ಎದ್ದು ಕಾಣಬೇಕೆಂದರೆ ಮಕ್ಕಳ ಕೈ ಕಪ್ಪಿಗೇ ಹೋಗುತ್ತದೆ. ಬಣ್ಣದಿಂದ ಮನಸ್ಸು ಓದುವ ಆಸೆ ಹಳೆಯದು. ಆದರೆ 1954ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ನೋಡಿದರೆ, ಮೂರು ವರ್ಷದ ಮಕ್ಕಳು ಬಣ್ಣಗಳನ್ನು ಜೋಡಿಸಿಟ್ಟ ಸಾಲಿನಲ್ಲೇ ಒಂದಾದ ಮೇಲೊಂದು ಬಳಸುತ್ತಿದ್ದರು.

ತಲೆಯಿಂದ ಹೊರಟ ಕೈಗಳೂ ನನ್ನನ್ನು ಹೆದರಿಸಿದ್ದವು. ಮೂರು ನಾಲ್ಕು ವರ್ಷದ ಮಕ್ಕಳು ಬರೆಯುವ ಮನುಷ್ಯರೆಲ್ಲ ಹೆಚ್ಚುಕಡಿಮೆ ಹೀಗೇ, ಕೈಕಾಲು ಬಂದ ಗೊದಮೊಟ್ಟೆಗಳು. ಮುಂಡ ಆಮೇಲೆ ಸೇರುತ್ತದೆ. ಚಿತ್ರ ನಿಜವಾಗಿ ಹೇಳುವುದು ಇಂಥದ್ದನ್ನು: ಕೈ ಎಷ್ಟು ಪಳಗಿದೆ, ಮೈಯ ಯಾವ ಯಾವ ಭಾಗ ಗಮನಕ್ಕೆ ಬಂದಿದೆ ಎಂಬುದನ್ನು. ಅಮೆರಿಕದ ಮನೋವಿಜ್ಞಾನಿ ಫ್ಲಾರೆನ್ಸ್ ಗುಡ್‌ಎನಫ್ 1926ರಲ್ಲಿ ಮಕ್ಕಳ ಬುದ್ಧಿ ಅಳೆಯಲು ಮನುಷ್ಯನ ಚಿತ್ರ ಬರೆಸಿದಾಗಲೂ ಅಂಕ ಸಿಗುತ್ತಿದ್ದದ್ದು ಕಣ್ಣು, ಕುತ್ತಿಗೆ, ಬೆರಳುಗಳಂಥ ವಿವರಗಳಿಗೆ. ಬಣ್ಣಕ್ಕೆ ಅಲ್ಲಿ ಅಂಕವೇ ಇರಲಿಲ್ಲ. ಮಗುವಿಗೆ ಏನು ಮುಖ್ಯ ಎಂಬುದೂ ಒಮ್ಮೊಮ್ಮೆ ಕಾಣುತ್ತದೆ, ಆದರೆ ಮಗು ತಾನಾಗಿ ಹೇಳಿದಾಗ. "ಇದರ ಬಗ್ಗೆ ಹೇಳು" ಎಂದು ಒಮ್ಮೆ ಅಂದಾಗ ನನ್ನ ಮಗಳು ಆ ಪುಟ್ಟ ಕಪ್ಪು ಅಪ್ಪನನ್ನು ತೋರಿಸಿ, "ಅಪ್ಪ ದೂರ ಬಸ್ಸಲ್ಲಿ ಇದ್ದಾರೆ" ಎಂದಳು. ಬರೆಯುವಾಗಲೇ ಹಾಗೆ ಅಂದುಕೊಂಡಿದ್ದಳೋ, ನಾನು ಕೇಳಿದ ಕ್ಷಣದಲ್ಲಿ ಕಟ್ಟಿದಳೋ, ಅದನ್ನು ಚಿತ್ರ ಹೇಳದು.

ಭಯವಿದೆಯೇ ಎಂದು ನೋಡಬೇಕಾದರೆ ಹಾಳೆ ಬಿಟ್ಟು ಮಗನನ್ನು ನೋಡಿ. ನಿಮ್ಮ ಹೆಜ್ಜೆ ಸಪ್ಪಳಕ್ಕೆ ಮುದುಡುತ್ತಾನೆಯೇ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗಿದೆಯೇ, ನಿದ್ದೆಯಲ್ಲಿ ಬೆಚ್ಚುತ್ತಾನೆಯೇ, ಯಾರಾದರೂ ಒಬ್ಬರ ಹತ್ತಿರ ಹೋಗಲು ಹಠವಾಗಿ ಒಲ್ಲೆ ಎನ್ನುತ್ತಾನೆಯೇ? ಇಂಥದ್ದು ವಾರಗಟ್ಟಲೆ ನಡೆದರೆ ಮಕ್ಕಳ ವೈದ್ಯರ ಬಳಿ ಕರೆದುಕೊಂಡು ಹೋಗಿ, ಚಿತ್ರ ಬೆರಗಾಗುವಷ್ಟು ಬಣ್ಣಬಣ್ಣವಾಗಿದ್ದರೂ ಸರಿ. ಇದಾವುದೂ ಇಲ್ಲದಿದ್ದರೆ ಹಾಳೆಯ ಹಿಂದೆ ದಿನಾಂಕ ಬರೆದು ಎತ್ತಿಡಿ. ಮುಂದಿನ ಸಲ ಅವನು ಕ್ರೇಯಾನ್ ಹಿಡಿದಾಗ ಎದುರಿಗೆ ಕೂತು, ಮೊದಲು ಯಾರನ್ನು ಬರೆಯುತ್ತಾನೆ ಎಂದಷ್ಟೇ ನೋಡಿ.

ನನ್ನ ಮಗಳಿಗೆ ಈಗ ಒಂಬತ್ತು. ನನ್ನನ್ನು ಇನ್ನೂ ಎಲ್ಲರಿಗಿಂತ ದೊಡ್ಡದಾಗಿಯೇ ಬರೆಯುತ್ತಾಳೆ. ಅದು ಪ್ರೀತಿಯೋ, ನಾನು ಕಲಿಸಿದ ಪಾಠವೋ, ಆ ಚಿತ್ರಗಳನ್ನು ಓದುವ ಅರ್ಹತೆ ನನಗೆ ಉಳಿದಿಲ್ಲ.