ಇದು ಯಾವ ಸ್ಲೈಡ್‌ನಲ್ಲಿದೆ?

(ನನ್ನ ಬಳಿ ಸಲಹೆಗೆ ಬಂದವರೊಬ್ಬರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

"ನಾನು ಸುಳ್ಳು ಬರೆದಿಲ್ಲ ಮೇಡಂ, ಅಷ್ಟನ್ನಾದರೂ ನಂಬಿ." ಕೂತ ಕೂಡಲೇ ಅವರು ಹೇಳಿದ ಮಾತು ಇದು.

ಆಫೀಸಿನಲ್ಲಿ ಯಾರಾದರೂ ಸ್ಲೈಡ್ ತೋರಿಸಿ ಮಾತಾಡಿದರೆ ಅದನ್ನು ಎರಡು ಪುಟಕ್ಕೆ ಇಳಿಸಿ ಬರೆಯುವುದು ಅವರ ಕೆಲಸ. ಒಂದು ದಿನ ಮೀಟಿಂಗ್‌ನಲ್ಲಿ ಮೇಲಧಿಕಾರಿ ಒಂದು ಸಾಲು ತೋರಿಸಿ "ಇದು ಯಾವ ಸ್ಲೈಡ್‌ನಲ್ಲಿದೆ?" ಎಂದರು. ಇವರು ಹುಡುಕಿದರು, ಸಿಗಲಿಲ್ಲ. ಅಂದಿನಿಂದ ಪ್ರತಿ ಸಾರಾಂಶವನ್ನೂ ಏಳೆಂಟು ಸಲ ಓದದೆ ಕಳಿಸುತ್ತಿರಲಿಲ್ಲ, ಕಳಿಸಿದ ಮೇಲೂ ರಾತ್ರಿ ಎದ್ದು ಓದುತ್ತಿದ್ದರು.

ಹಾಗೆ ಓದಿದರೆ ತಪ್ಪು ಸಿಗುವುದಿಲ್ಲ ಎಂದು ನಾನು ನೇರವಾಗಿಯೇ ಹೇಳಿದೆ. ತಾನೇ ಬರೆದ ಸಾಲನ್ನು ಓದಿದಷ್ಟೂ ಅದು ಪರಿಚಿತವಾಗುತ್ತದೆ, ಪರಿಚಿತವಾದದ್ದು ನಿಜ ಅನ್ನಿಸುತ್ತದೆ. ಸುಮ್ನೆ ಓದುವುದು ಬೇರೆ, ತಾಳೆ ನೋಡುವುದು ಬೇರೆ. ಮುಂದಿನ ಸಲ ಸ್ಲೈಡ್ ಮತ್ತು ಸಾರಾಂಶ ಎರಡನ್ನೂ ಪ್ರಿಂಟ್ ಮಾಡಿಕೊಂಡು ಬನ್ನಿ ಎಂದೆ.

ತಂದರು. ಮೇಲಧಿಕಾರಿ ಕೇಳಿದ ಆ ಸಾಲು ಹೀಗಿತ್ತು: "ತರಬೇತಿಯಿಂದ ಎಲ್ಲ ತಂಡಗಳಲ್ಲೂ ತಪ್ಪುಗಳು ಅರ್ಧಕ್ಕೆ ಇಳಿದವು." ಇದು 7ನೇ ಸ್ಲೈಡ್ ನೋಡಿ ಬರೆದದ್ದು. ಅದರಲ್ಲಿ ಎರಡೇ ಕಂಬಗಳ ಒಂದು ಚಿತ್ರ. ತರಬೇತಿಗೆ ಮುಂಚೆ 46 ತಪ್ಪು, ಆಮೇಲೆ 38. ಎರಡನೇ ಕಂಬ ಮೊದಲನೆಯದರ ಸರಿಯಾಗಿ ಅರ್ಧದಷ್ಟಿತ್ತು. ಆದರೆ ಪಕ್ಕದ ಅಳತೆ ಗೆರೆ ಸೊನ್ನೆಯಿಂದಲ್ಲ, 30ರಿಂದ ಶುರುವಾಗಿತ್ತು! ಹಾಗಾಗಿ ಕಣ್ಣಿಗೆ ಕಂಡದ್ದು 16 ಮತ್ತು 8. ನಿಜವಾಗಿ ಇಳಿದದ್ದು 46ರಲ್ಲಿ 8, ಅಂದರೆ ಶೇಕಡ 17ರಷ್ಟು. ಕೆಳಗೆ ಸಣ್ಣ ಅಕ್ಷರದಲ್ಲಿ "ಒಂದು ತಂಡ, 3 ತಿಂಗಳು" ಎಂದಿತ್ತು. "ಎಲ್ಲ" ಎಲ್ಲಿಂದ ಬಂತು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ವಾಕ್ಯ ಪೂರ್ತಿ ಆಗಲಿ ಅಂತ ಸೇರಿಸಿರಬೇಕು" ಎಂದರು.

ಉಳಿದದ್ದು "ತರಬೇತಿಯಿಂದ". ಇಡೀ ಸಾಲಿನಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದೇ. ಸ್ಲೈಡ್ ಹೇಳಿದ್ದು "ಮುಂಚೆ" ಮತ್ತು "ನಂತರ", ಅಷ್ಟೇ. 8ನೇ ಸ್ಲೈಡ್ ನೋಡಿದರೆ ತರಬೇತಿ ನಡೆದ ತಿಂಗಳೇ ಹೊಸ ಫಾರ್ಮ್ ಕೂಡ ಬಂದಿತ್ತು. ತಪ್ಪು ಇಳಿದದ್ದು ಯಾವುದರಿಂದ ಎಂದು ಸ್ಲೈಡ್ ಎಲ್ಲೂ ಹೇಳಿಲ್ಲ. ಸ್ಲೈಡ್‌ನಲ್ಲಿ ಇರುವುದು ತುಂಡು ಮಾತು, ನಾವು ಬರೆಯುವುದು ಪೂರ್ತಿ ವಾಕ್ಯ. ತುಂಡುಗಳನ್ನು ಜೋಡಿಸುವಾಗ "ಇಂದ", "ಹಾಗಾಗಿ", "ಆದ್ದರಿಂದ" ತಾವಾಗಿಯೇ ಒಳಗೆ ಬಂದುಬಿಡುತ್ತವೆ. ಇದು ಸುಳ್ಳು ಹೇಳುವ ಬುದ್ಧಿಯಲ್ಲ, ಮನಸ್ಸು ಖಾಲಿ ಜಾಗ ತುಂಬುವ ರೀತಿ. ಇದನ್ನು ಕೇಳಿ ಅವರಿಗೆ ಅಳು ಬಂತು.

ನಾನು ಕೊಟ್ಟ ಸಲಹೆ ಇಷ್ಟು. ಬರೆದ ಮೇಲೆ ಸ್ವಲ್ಪ ಹೊತ್ತು ಬಿಟ್ಟು, ಸಾರಾಂಶದ ಕೊನೆಯ ವಾಕ್ಯದಿಂದ ಶುರು ಮಾಡಿ. ಹಿಂದಿನಿಂದ ಬಂದರೆ ಓಘದಲ್ಲಿ ತೇಲಿಹೋಗುವುದಿಲ್ಲ. ಪ್ರತಿ ವಾಕ್ಯದ ಪಕ್ಕ ಸ್ಲೈಡ್ ನಂಬರ್ ಬರೆಯಿರಿ, ನೆನಪಿನಿಂದ ಅಲ್ಲ, ಆ ಸ್ಲೈಡ್ ಮೇಲೆ ಬೆರಳಿಟ್ಟು. ಆಮೇಲೆ ವಾಕ್ಯದಲ್ಲಿರುವ ಅಂಕಿ, "ಎಲ್ಲ", "ಯಾವಾಗಲೂ" ತರಹದ ಪದ, ಕಾರಣ ಹೇಳುವ ಪದ, ಇವಕ್ಕೆ ಗೆರೆ ಎಳೆದು ಒಂದೊಂದನ್ನೂ ಸ್ಲೈಡ್‌ನಲ್ಲಿ ಹುಡುಕಿ. "ಇರಬಹುದು" ಎಂದಿದ್ದದ್ದು ನಿಮ್ಮಲ್ಲಿ "ಇದೆ" ಆಗಿದೆಯಾ ನೋಡಿ. ನಂಬರ್ ಸಿಗದ ವಾಕ್ಯವನ್ನು ಕೂಡಲೇ ಹೊಡೆದುಹಾಕಬೇಡಿ. ಸ್ಲೈಡ್ ಕೆಳಗಿನ ಟಿಪ್ಪಣಿಯಲ್ಲಿ ಇರಬಹುದು, ಮಾತಾಡಿದವರು ಬಾಯಲ್ಲಿ ಹೇಳಿರಬಹುದು. ಬಾಯಲ್ಲಿ ಹೇಳಿದ್ದಾದರೆ ಹಾಗೆಂದೇ ಬರೆಯಿರಿ.

"ಬಿಟ್ಟುಹೋದದ್ದೂ ಸಿಗುತ್ತಾ?" ಎಂದು ಕೇಳಿದರು. ಇಲ್ಲ. ಈ ಸುತ್ತಿನಲ್ಲಿ ಸಿಗುವುದು ಜಾಸ್ತಿ ಸೇರಿದ್ದು ಮಾತ್ರ. ಬಿಟ್ಟದ್ದು ಬೇಕಾದರೆ ಸ್ಲೈಡ್‌ನಿಂದ ಸಾರಾಂಶದ ಕಡೆಗೆ ಇನ್ನೊಂದು ಸಲ ಬರಬೇಕು. ಎರಡನ್ನೂ ಒಟ್ಟಿಗೆ ಮಾಡಲು ಹೋದರೆ ಎರಡೂ ಕೆಡುತ್ತವೆ. ಒಂದೊಂದೇ ಸುತ್ತು, ಆಮೇಲೆ ಕಳಿಸಿಬಿಡಬೇಕು, ರಾತ್ರಿ ಮತ್ತೆ ತೆರೆಯಬಾರದು ಎಂದು ಇಬ್ಬರೂ ಒಪ್ಪಿಕೊಂಡೆವು.

ಮೂರು ವಾರದ ನಂತರ ಹೊಸ ಸಾರಾಂಶ ತಂದರು. 22 ವಾಕ್ಯ, 17ಕ್ಕೆ ಮೊದಲೇ ನಂಬರ್ ಸಿಕ್ಕಿತ್ತು. ಉಳಿದ ಐದರಲ್ಲಿ ಒಂದು ಸ್ಲೈಡ್ ಕೆಳಗಿನ ಟಿಪ್ಪಣಿಯಲ್ಲಿತ್ತು, ಎರಡು ಬಾಯಿಮಾತು. ಇನ್ನೆರಡು ಅವರದೇ. ಒಂದನ್ನು ಅಳಿಸಿದ್ದರು, ಇನ್ನೊಂದನ್ನು ಕೊನೆಗೆ ತಂದು "ಬರೆದವರ ಅನಿಸಿಕೆ" ಎಂದು ಹೆಸರಿಟ್ಟಿದ್ದರು. ಅದನ್ನು ಓದಿದ ಮೇಲಧಿಕಾರಿ ಆ ಅನಿಸಿಕೆ ಬಗ್ಗೆಯೇ ಹತ್ತು ನಿಮಿಷ ಮಾತಾಡಿದರಂತೆ.